ಚಿರತೆಯ ಮುಂದಿದ್ದ ಜಾಲರಿಯನ್ನು ನಾನು ತೆಗೆದದ್ದು ಹೀಗೆ

ಮೃಗಾಲಯದ ತಂತಿಬೇಲಿಯನ್ನು ಫೋಟೊದಿಂದ ತೆಗೆಯುವ ಕೆಲಸ ಮುಕ್ಕಾಲು ಪಾಲು ಕ್ಯಾಮೆರಾದಲ್ಲೇ ಆಗಿಬಿಡಬೇಕು. ತಂತಿ ಗೆರೆಯಾಗಿ ಕಾಣಿಸುತ್ತಿದ್ದರೆ ಅದರ ಹಿಂದಿನ ಕೂದಲು ಫೋಟೊಗೆ ಬಂದೇ ಇರುವುದಿಲ್ಲ. ಮಂಜಿನಂತೆ ಹರಡಿದ್ದರೆ ಕೂದಲು ಉಳಿದಿರುತ್ತದೆ, ತೆಳು ಮುಸುಕು ಮಾತ್ರ ತೆಗೆದರೆ ಸಾಕು.

ನನ್ನ ಚಿರತೆ ಸುಮಾರು ಆರು ಮೀಟರ್ ದೂರದಲ್ಲಿತ್ತು, ಬೇಲಿ ಒಂದೂವರೆ ಮೀಟರ್. ಮುಂದೆ ಕಟಕಟೆ ಇದ್ದದ್ದರಿಂದ ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿಯುವ ಹಾಗಿರಲಿಲ್ಲ. 200 ಎಂಎಂ ಲೆನ್ಸ್ f/4ರಲ್ಲಿ 50 ಮಿ.ಮೀ. ಅಗಲ ತೆರೆದಿರುತ್ತದೆ. ಅಷ್ಟು ದೂರದ ಬೇಲಿಯಲ್ಲಿ 3 ಮಿ.ಮೀ. ತಂತಿ ಹೆಚ್ಚೆಂದರೆ ಹತ್ತರಲ್ಲಿ ಒಂದು ಪಾಲು ಬೆಳಕು ತಡೆಯುತ್ತದೆ. f/11ಕ್ಕೆ ಹೋದರೆ ಅದೇ ತಂತಿ ಕಾಲು ಭಾಗಕ್ಕಿಂತ ಜಾಸ್ತಿ ನುಂಗುತ್ತದೆ. ಫೋಕಸ್‌ಗೆ ಒಂದೇ ಪಾಯಿಂಟ್ ಇಟ್ಟುಕೊಂಡು, ಜಾಲರಿಯ ಕಂಡಿಯೊಳಗಿಂದ ಕಣ್ಣಿನ ಮೇಲೆ ಇಟ್ಟೆ. ಇಲ್ಲದಿದ್ದರೆ ಕ್ಯಾಮೆರಾ ತಂತಿಯನ್ನೇ ಹಿಡಿಯುತ್ತದೆ. ಬೇಲಿ ನೆರಳಲ್ಲಿರುವ ಜಾಗ ಹುಡುಕಿ ನಿಂತೆ. ಆದರೂ ಮೇಲ್ಭಾಗಕ್ಕೆ ಬಿಸಿಲು ತಾಗಿ, ಚಿರತೆಯ ಹೆಗಲ ಮೇಲೆ ಬಿಳಿಚಿದ ಪಟ್ಟೆಗಳು ಬಿದ್ದವು.

ಈಗ ಫೋಟೊಶಾಪ್. ಲೇಯರನ್ನು ಎರಡು ಸಲ ನಕಲು ಮಾಡಿದೆ. ಕೆಳಗಿನ ನಕಲಿಗೆ `Gaussian Blur`. ಅಳತೆಯನ್ನು ಕಣ್ಣಿಂದಲೇ ನೋಡಿ ಹಾಕಬೇಕು: ಕೂದಲು ಕರಗಬೇಕು, ಪಟ್ಟೆ ಹಾಗೇ ಉಳಿಯಬೇಕು. ನನಗೆ 8 ಪಿಕ್ಸೆಲ್ ಸಾಕಾಯಿತು. ಮೇಲಿನ ನಕಲಿನಲ್ಲಿ `Apply Image` ತೆರೆದು, ಕೆಳಗಿನ ಲೇಯರನ್ನು ಆರಿಸಿ, `Subtract`, `Scale` 2, `Offset` 128 ಕೊಟ್ಟೆ. ಇದು 8 ಬಿಟ್ ಫೈಲಿನ ಲೆಕ್ಕ. ಬ್ಲೆಂಡ್ ಮೋಡ್ `Linear Light`. ಫೋಟೊ ಮೊದಲಿನ ಹಾಗೇ ಕಂಡರೆ ಸರಿಯಾಗಿದೆ ಎಂದರ್ಥ.

ಕೂದಲೆಲ್ಲ ಮೇಲೆ ಸೇರಿತು, ಪಟ್ಟೆ ಕೆಳಗೆ ಉಳಿಯಿತು. ಸಾಮಾನ್ಯವಾಗಿ ಇಲ್ಲಿ ಲ್ಯಾಸೊದಿಂದ ಪಟ್ಟೆ ಸುತ್ತಿ ಇನ್ನಷ್ಟು ಬ್ಲರ್ ಮಾಡುತ್ತಾರೆ. ಸಿಂಹದ ಬಣ್ಣ ಒಂದೇ ಸಮ, ಅದಕ್ಕೆ ಸರಿ. ಚಿರತೆಗೆ ಬೇಡ, ಯಾಕೆಂದರೆ ಅದರ ಚುಕ್ಕೆಗಳೂ ಕೆಳಗಿನ ಲೇಯರಿನಲ್ಲೇ ಇರುತ್ತವೆ. ಬ್ಲರ್ ಕೊಟ್ಟರೆ ಶಾಯಿ ಕದಡಿದ ಹಾಗೆ ಅವೂ ಹರಡುತ್ತವೆ. ಅದಕ್ಕೆ ಕೆಳಗಿನ ಲೇಯರಿನ ಮೇಲೆ, ಅದಕ್ಕಷ್ಟೇ ತಗಲುವಂತೆ `Curves` ಹಾಕಿದೆ. ಮುಸುಕು ಕಪ್ಪನ್ನು ಬೂದು ಮಾಡಿರುತ್ತದೆ. ಆದ್ದರಿಂದ ಚುಕ್ಕೆಯ ಕಪ್ಪು ಪಕ್ಕದ ಚುಕ್ಕೆಯ ಕಪ್ಪಿಗೆ ಹೊಂದುವ ತನಕ ಗೆರೆಯ ಕೆಳತುದಿಯನ್ನು ಬಲಕ್ಕೆ ಸರಿಸಿದೆ. ಆಮೇಲೆ ಮಾಸ್ಕನ್ನು ಪೂರ್ತಿ ಕಪ್ಪು ಮಾಡಿ, ಮೆತ್ತನೆ ಬ್ರಷ್‌ನಿಂದ ಪಟ್ಟೆಯ ಉದ್ದಕ್ಕೂ ಬಿಳಿ ಬಳಿದೆ. ಪಟ್ಟೆಯ ನಡುವೆ ಮುಸುಕು ದಟ್ಟ, ಅಂಚಲ್ಲಿ ತೆಳು, ಹಾಗಾಗಿ ಬ್ರಷ್ ಕೂಡ ಹಾಗೇ ಇರಬೇಕು. ಒಂದೇ ಸಮ ಬಳಿದರೆ ಅಂಚಿನಲ್ಲಿ ಕಪ್ಪು ಗೆರೆ ಏಳುತ್ತದೆ.

ಉಳಿದ ಪಟ್ಟೆ ಹಿಡಿಯಲು ಎಲ್ಲದರ ಮೇಲೆ ತಾತ್ಕಾಲಿಕವಾಗಿ ಒಂದು ಕಡಿದಾದ `Curves` ಲೇಯರ್ ಇಟ್ಟು, ಫೋಟೊವನ್ನು ಚಿಕ್ಕದಾಗಿಸಿ ನೋಡುತ್ತೇನೆ. ಕಣ್ಣು ತಪ್ಪಿಸಿಕೊಂಡಿದ್ದೆಲ್ಲ ಆಗ ಎದ್ದು ಕಾಣುತ್ತದೆ. ಪಟ್ಟೆ ಕಣ್ಣಿನ ಮೇಲೆ ಬಿದ್ದಿದ್ದರೆ ಮಾತ್ರ ಸುಮ್ನೆ ಗುದ್ದಾಡುವುದಿಲ್ಲ. ಪ್ರಾಣಿ ತಲೆ ಸ್ವಲ್ಪ ಸರಿಸಿದ ಇನ್ನೊಂದು ಫ್ರೇಮನ್ನೇ ತೆಗೆದುಕೊಳ್ಳುತ್ತೇನೆ.