ಅಪ್ಪನ ದಾರದ ಸ್ಟ್ಯಾಂಡಿಗೆ ಜರ್ಮನಿಯಲ್ಲಿ ಪ್ರಿಂಟ್ ಮಾಡಿದ ತೋಳು

ಬಳ್ಳಾರಿಯಲ್ಲಿ ನಮ್ಮದು ಸಣ್ಣ ಜೀನ್ಸ್ ಹೊಲಿಗೆ ಘಟಕ. ತಗಡಿನ ಶೆಡ್, ಒಳಗೆ ಹನ್ನೆರಡು ಮಷಿನ್. ಪ್ರತಿ ಮಷಿನ್ ಪಕ್ಕ ದಾರದ ಸ್ಟ್ಯಾಂಡ್ ಇರುತ್ತದೆ. ನಡುವೆ ಒಂದು ಕಬ್ಬಿಣದ ಕಂಬ, ಅದಕ್ಕೆ ಬೋಲ್ಟಿನಿಂದ ಬಿಗಿದ ಪ್ಲಾಸ್ಟಿಕ್ ತೋಳುಗಳು, ಅವುಗಳ ತುದಿಯ ಕಡ್ಡಿಯ ಮೇಲೆ ದಾರದ ಕೋನ್. ಮಷಿನ್ ನಡುಗಿ ನಡುಗಿ ಈ ತೋಳುಗಳು ಬೋಲ್ಟಿನ ಹತ್ತಿರ ಸೀಳುತ್ತವೆ. ಅಪ್ಪ ಕೇಳಿದ ಅಂಗಡಿಗಳಲ್ಲಿ ತೋಳು ಬಿಡಿಯಾಗಿ ಸಿಗಲಿಲ್ಲ, ಇಡೀ ಸ್ಟ್ಯಾಂಡೇ ಕೊಳ್ಳಬೇಕಿತ್ತು. ನಾನು ಆಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದೆ. "ಅಲ್ಲಿ ನಿಮ್ಮ ಕಾಲೇಜಿನಾಗ ಪ್ರಿಂಟ್ ಮಾಡೋ ಮಷಿನ್ ಐತಿ ಅಂದಿದ್ದಿ ಅಲ್ಲವ್ವ, ಅದರಾಗ ಆಗ್ತತೇನು?" ಎಂದು ಅಪ್ಪ ಫೋನಿನಲ್ಲಿ ಕೇಳಿದರು. ಅಪ್ಪ ಹೇಳಿದ್ದು ಕರಗಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೂರಿಸಿ ವಸ್ತು ಮಾಡುವ 3ಡಿ ಪ್ರಿಂಟರಿನ ಬಗ್ಗೆ. ಅದು ಇದ್ದದ್ದು ಮೇಕರ್‌ಸ್ಪೇಸಿನಲ್ಲಿ, ಅಂದರೆ ವಿದ್ಯಾರ್ಥಿಗಳು ತಾವೇ ಏನಾದರೂ ಮಾಡಿ ನೋಡುವ ಕಾಲೇಜಿನ ವರ್ಕ್‌ಶಾಪಿನಲ್ಲಿ. ನಾನು ಅಲ್ಲಿಗೆ ಮೊದಲು ಹೋಗಿದ್ದು ಹಾಗೆ.

ಹೋದ ದಿನವೇ ಪ್ರಿಂಟರ್ ಮುಟ್ಟುವ ಹಾಗಿರಲಿಲ್ಲ. ಮೊದಲು ಸುರಕ್ಷತೆಯ ಪಾಠ ಆಗಬೇಕು. ಅದಕ್ಕೆ ಅಲ್ಲಿ ಐನ್‌ವೈಸುಂಗ್ ಎನ್ನುತ್ತಾರೆ. ಅದು ಮುಗಿದು ಸಹಿ ಹಾಕಿದ ಮೇಲೆಯೇ ಬುಕಿಂಗ್ ಪುಟದಲ್ಲಿ ನಮ್ಮ ಹೆಸರಿಗೆ ಪ್ರಿಂಟರ್ ಕಾಣಿಸುತ್ತದೆ. ಪಾಠ ಜರ್ಮನ್ ಭಾಷೆಯಲ್ಲಿತ್ತು. ನನಗೆ ಅರ್ಧ ಮಾತ್ರ ಅರ್ಥವಾಯಿತು. ಸುಮ್ನೆ ತಲೆಯಾಡಿಸಿ ಸಹಿ ಹಾಕುವ ಬದಲು, ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿಕೊಡುತ್ತೀರಾ ಎಂದು ಕೇಳಿದೆ. ಉಸ್ತುವಾರಿಯ ವಿದ್ಯಾರ್ಥಿ ಮರುದಿನ ಇಪ್ಪತ್ತು ನಿಮಿಷ ಕೂತು ಎಲ್ಲವನ್ನೂ ಹೇಳಿದ. ಹೊರದೇಶದಿಂದ ಹೋದವರು ಇದನ್ನು ಖಂಡಿತ ಕೇಳಬೇಕು. ಕರಗಿದ ಪ್ಲಾಸ್ಟಿಕ್ ಹೊರಬರುವ ಬಿಸಿ ನಾಜಲ್ ಬಗ್ಗೆ ಹೇಳಿದ್ದು ಅರ್ಥವಾಗದೆ ಸಹಿ ಹಾಕಿದರೆ, ಆಮೇಲೆ ಏನಾದರೂ ಆದಾಗ ನಮಗೆ ಗೊತ್ತಿತ್ತು ಎಂದೇ ಲೆಕ್ಕ, ಅಲ್ವಾ?

ಇನ್ನು ಅಳತೆ. ಕಂಬ ಎಷ್ಟು ದಪ್ಪ ಎಂದರೆ ಅಪ್ಪ "ಐದು ಸೂತ" ಎಂದರು. ನಮ್ಮ ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ. ಐದು ಸೂತ ಅಂದರೆ 15.875 ಮಿಲಿಮೀಟರ್. ಸೂತದ ಲೆಕ್ಕ ಸುಲಭ ಎಂದು ನಾನು ಕಂಪ್ಯೂಟರಿನಲ್ಲಿ ತೋಳಿನ ಇಡೀ ಚಿತ್ರವನ್ನು ಇಂಚಿನಲ್ಲೇ ಬರೆದೆ. ಆ ಚಿತ್ರದ ಎಸ್‌ಟಿಎಲ್ ಫೈಲ್ ತೆಗೆದು ಪ್ರುಸಾಸ್ಲೈಸರಿನಲ್ಲಿ ತೆರೆದೆ. ಅದು ಚಿತ್ರವನ್ನು ಪದರಗಳಾಗಿ ಕತ್ತರಿಸಿ ಪ್ರಿಂಟರಿಗೆ ತಯಾರು ಮಾಡುವ ಸ್ಲೈಸರ್ ತಂತ್ರಾಂಶ. ನೋಡಿದರೆ, ವಸ್ತು ಕೂರುವ ಬೆಡ್ಡಿನ ನಡುವೆ ಅಕ್ಕಿಕಾಳಿನಷ್ಟು ಏನೋ ಬಿದ್ದಿತ್ತು. ಎಸ್‌ಟಿಎಲ್ ಫೈಲಿನಲ್ಲಿ ಅಂಕಿ ಮಾತ್ರ ಇರುತ್ತದೆ, ಅದು ಇಂಚೋ ಮಿಲಿಮೀಟರೋ ಎಂಬುದು ಇರುವುದಿಲ್ಲ. ಸ್ಲೈಸರ್ ಎಲ್ಲವನ್ನೂ ಮಿಲಿಮೀಟರ್ ಎಂದೇ ಓದುತ್ತದೆ. ಹಾಗಾಗಿ 4.7 ಇಂಚಿನ ತೋಳು 4.7 ಮಿಲಿಮೀಟರ್ ಆಗಿತ್ತು. ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ `Convert from imperial units` ಒತ್ತಿದರೆ ಸರಿಯಾಗುತ್ತದೆ. ಆದರೆ ಈಗ ನಾನು ಮೊದಲಿಂದಲೇ ಮಿಲಿಮೀಟರಿನಲ್ಲಿ ಬರೆಯುತ್ತೇನೆ. ಸ್ಲೈಸರಿನಲ್ಲಿ ತೆರೆದ ಕೂಡಲೇ ಉದ್ದ ಅಗಲ ಓದಿ ನೋಡುತ್ತೇನೆ.

ಅಳತೆ ಸರಿ ಇದ್ದರೂ ತೂತು ಸರಿ ಬರುವುದಿಲ್ಲ, ಅದು ಇನ್ನೊಂದು ವಿಷಯ. ಪ್ರಿಂಟ್ ಆದ ತೂತು ಚಿತ್ರದಲ್ಲಿ ಇರುವುದಕ್ಕಿಂತ ಸ್ವಲ್ಪ ಚಿಕ್ಕದಾಗಿ ಬರುತ್ತದೆ. ಕರಗಿದ ಪ್ಲಾಸ್ಟಿಕ್ ವೃತ್ತದಲ್ಲಿ ತಿರುಗುವಾಗ ಒಳಕ್ಕೆ ಎಳೆದುಕೊಳ್ಳುತ್ತದೆ, ತಣ್ಣಗಾಗುವಾಗ ಕುಗ್ಗುತ್ತದೆ. ನಾನು 15.9 ಎಂದು ಬರೆದ ತೂತು 15.6 ಬಂತು. ಒಳ್ಳೆಯದಾಯಿತು, ನಾನು ಇಡೀ ತೋಳು ಪ್ರಿಂಟ್ ಮಾಡಿರಲಿಲ್ಲ. ತೂತಿನ ಸುತ್ತಲಿನ ಉಂಗುರವನ್ನು ಮಾತ್ರ ಐದು ಮಿಲಿಮೀಟರ್ ಎತ್ತರಕ್ಕೆ ಪ್ರಿಂಟ್ ಮಾಡಿದ್ದೆ. ಹದಿನೈದು ನಿಮಿಷದ ಕೆಲಸ. ಅದೇ ದಪ್ಪದ ಕಂಬಿಯ ತುಂಡು ವರ್ಕ್‌ಶಾಪಿನಲ್ಲಿ ಸಿಕ್ಕಿತು. ಉಂಗುರವನ್ನು ಅದಕ್ಕೆ ತೂರಿಸಿ ನೋಡುತ್ತಾ ಮೂರನೇ ಉಂಗುರಕ್ಕೆ ಸರಿಯಾದ ಅಳತೆ ಸಿಕ್ಕಿತು. ಚಿತ್ರದಲ್ಲಿ 16.2 ಎಂದು ಬರೆದರೆ ಕೈಯಲ್ಲಿ ಒತ್ತಿದಾಗ ಜಾರಿ ಹೋಗುತ್ತಿತ್ತು, ಅಲುಗಾಡುತ್ತಿರಲಿಲ್ಲ. ಉಳಿದ ಬಿಗಿಯನ್ನು ಬೋಲ್ಟು ನೋಡಿಕೊಳ್ಳುತ್ತದೆ.

ತೋಳನ್ನು ಬೆಡ್ಡಿನ ಮೇಲೆ ಮಲಗಿಸಿಯೇ ಪ್ರಿಂಟ್ ಮಾಡಿದೆ. ಪ್ರಿಂಟ್ ಆದ ವಸ್ತು ಪದರದ ಮೇಲೆ ಪದರ ಕೂತಿರುತ್ತದೆ. ಎರಡು ಪದರ ಅಂಟಿಕೊಂಡ ಜಾಗವೇ ಅದರ ದುರ್ಬಲ ಜಾಗ. ತೋಳನ್ನು ನಿಲ್ಲಿಸಿ ಪ್ರಿಂಟ್ ಮಾಡಿದ್ದರೆ ಕೋನಿನ ಭಾರಕ್ಕೆ ಕಬ್ಬು ಗೆಣ್ಣಿನಲ್ಲಿ ಮುರಿದ ಹಾಗೆ ಮುರಿಯುತ್ತಿತ್ತು. ಮಲಗಿಸಿದರೆ ಎಳೆಗಳು ತೋಳಿನ ಉದ್ದಕ್ಕೂ ಓಡುತ್ತವೆ, ಬೋಲ್ಟಿನ ಹಿಡಿಯ ಸುತ್ತಲೂ ಸುತ್ತಿಕೊಳ್ಳುತ್ತವೆ. ಕೋನ್ ಕೂರುವ ಕಡ್ಡಿಗೆ ಹಳೆಯ ಲೋಹದ್ದನ್ನೇ ಉಳಿಸಿಕೊಳ್ಳಲು ಅಪ್ಪನಿಗೆ ಹೇಳಿದೆ.

ಮೊದಲ ತೋಳನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಮಾಡಿದೆ. ಮೇಕರ್‌ಸ್ಪೇಸಿನ ಎಲ್ಲ ಪ್ರಿಂಟರಿಗೂ ಅದೇ ಹಾಕಿರುತ್ತಿದ್ದರು. ಡಿಸೆಂಬರ್ ರಜೆಗೆ ಬಂದಾಗ ತಂದು ಹಾಕಿದೆ. ಜನವರಿ, ಫೆಬ್ರುವರಿ ಚೆನ್ನಾಗಿಯೇ ನಡೆಯಿತು. ಏಪ್ರಿಲಿನಲ್ಲಿ ಅಪ್ಪ ವಿಡಿಯೊ ಕಾಲ್ ಮಾಡಿ ತೋರಿಸಿದರು: "ಬಾಗೈತಿ ನೋಡವ್ವ." ತೋಳು ಕೆಳಗೆ ಜೋತಿತ್ತು, ಬೋಲ್ಟಿನ ಹತ್ತಿರ ಪ್ಲಾಸ್ಟಿಕ್ ಒತ್ತಿಹೋಗಿ ಸಡಿಲವಾಗಿತ್ತು. ಎಲ್ಲೂ ಬಿರುಕು ಇರಲಿಲ್ಲ. ಅದನ್ನು ನೋಡಿದಾಗಲೇ ಕಾರಣ ಗೊತ್ತಾಯಿತು. ಭಾರಕ್ಕೆ ಮುರಿದಿದ್ದರೆ ಬಿರುಕು ಇರಬೇಕಿತ್ತು. ಇದು ಬಿಸಿಗೆ ಮೆತ್ತಗಾಗಿ ನಿಧಾನವಾಗಿ ಜರುಗಿತ್ತು.

ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಳ್ಳಾರಿಯ ಬೇಸಿಗೆ 40 ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಜಾಸ್ತಿ. 60 ಆಗಲೇಬೇಕೆಂದಿಲ್ಲ. ಬೋಲ್ಟಿನ ಬಿಗಿ ಹಗಲೂ ರಾತ್ರಿ ಒತ್ತುತ್ತಲೇ ಇದ್ದರೆ, ಅದಕ್ಕಿಂತ ಕಡಿಮೆ ಬಿಸಿಯಲ್ಲೂ ಪಿಎಲ್‌ಎ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಜರುಗುತ್ತದೆ. ಜರ್ಮನಿಯ ಕೋಣೆಯಲ್ಲಿ ಪರೀಕ್ಷೆ ಮಾಡಿದರೆ ಇದು ಕಾಣುವುದೇ ಇಲ್ಲ. ಊರಿಗೆಂದು ಏನಾದರೂ ಪ್ರಿಂಟ್ ಮಾಡುವವರು ಮೊದಲು ಯೋಚಿಸಬೇಕಾದ್ದು ಊರಿನ ಮೇ ತಿಂಗಳ ಮಧ್ಯಾಹ್ನವನ್ನು.

ನಾನು ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್ ಕೇಳಿದೆ. ಅದು 100 ಡಿಗ್ರಿ ಹತ್ತಿರದವರೆಗೂ ಗಟ್ಟಿ ಇರುತ್ತದೆ. ಅಲ್ಲಿ ಅದಕ್ಕೆ ಅನುಮತಿ ಇರಲಿಲ್ಲ. ಎಬಿಎಸ್ ಕರಗುವಾಗ ಸ್ಟೈರೀನ್ ಹೊಗೆ ಬಿಡುತ್ತದೆ. ಪ್ರಿಂಟರುಗಳು ತೆರೆದಿದ್ದವು, ಪಕ್ಕದಲ್ಲೇ ಜನ ಕೂತು ಓದುತ್ತಿದ್ದರು. ನಿಯಮ ಸರಿಯೇ ಇತ್ತು. ಉಳಿದದ್ದು ಪಿಇಟಿಜಿ. ಅದು 80 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ನಮ್ಮ ಶೆಡ್ಡಿಗೆ ಸಾಕು. ಈ ಸಲ ತೋಳಿನ ಹೊರಗೋಡೆಯನ್ನು ಎರಡು ಸುತ್ತಿನಿಂದ ಐದು ಸುತ್ತಿಗೆ ಏರಿಸಿದೆ. ಬೋಲ್ಟು ಒತ್ತುವ ಜಾಗಕ್ಕೆ ಗಟ್ಟಿ ಬೇಕಾದದ್ದು ಗೋಡೆಯಿಂದಲೇ.

ಗೋಡೆ ಏರಿಸಿದಾಗ ಸಮಯವೂ ಏರಿತು. ಸ್ಲೈಸರ್ 3 ಗಂಟೆ 40 ನಿಮಿಷ ತೋರಿಸಿತು. ಮೇಕರ್‌ಸ್ಪೇಸಿನಲ್ಲಿ ಒಬ್ಬರಿಗೆ ಒಂದು ಸ್ಲಾಟ್ ಮೂರೇ ಗಂಟೆ. ಅದರ ಜೊತೆಗೆ ಸ್ಲೈಸರ್ ಹೇಳುವ ಸಮಯ ಪ್ರಿಂಟಿನದ್ದು ಮಾತ್ರ. ಪ್ಲಾಸ್ಟಿಕ್ ಎಳೆಯ ಫಿಲಮೆಂಟ್ ಬದಲಿಸುವುದು, ಬೆಡ್ ಬಿಸಿಯಾಗುವುದು, ಮುಗಿದ ಮೇಲೆ ತಣ್ಣಗಾಗುವುದು, ಬಿಡಿಸಿ ಒರೆಸುವುದು ಎಲ್ಲ ಸೇರಿ ಇನ್ನೂ ಅರ್ಧ ಗಂಟೆ ಬೇಕು. ಪದರದ ದಪ್ಪವನ್ನು 0.2ರಿಂದ 0.3 ಮಿಲಿಮೀಟರಿಗೆ ಮಾಡಿದೆ, ಸಮಯ 2 ಗಂಟೆ 25 ನಿಮಿಷಕ್ಕೆ ಇಳಿಯಿತು. ಮೇಲ್ಮೈ ಸ್ವಲ್ಪ ಒರಟು, ಆದರೆ ದಾರದ ಸ್ಟ್ಯಾಂಡಿಗೆ ಅದರಿಂದ ತೊಂದರೆಯಿಲ್ಲ. ಫೈಲಿಗೆ ಯಾರು ನೋಡಿದರೂ ಗೊತ್ತಾಗುವ ಹೆಸರಿಟ್ಟೆ:

```
thread_arm_v4_PETG_0.3_2h25.gcode
```

ಪಿಎಲ್‌ಎ ಎಂದುಕೊಂಡು ಯಾರೂ ತಪ್ಪು ಪ್ರಿಂಟರಿಗೆ ಹಾಕುವುದಿಲ್ಲ. ನನಗೂ ಎರಡು ವಾರದ ನಂತರ ಯಾವುದು ಯಾವುದೆಂದು ತಿಳಿಯುತ್ತದೆ.

ಸ್ಲಾಟ್ ಬುಕ್ ಮಾಡಿದ್ದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ. ಸೆಮಿಸ್ಟರ್ ಕೊನೆಯ ವಾರಗಳಲ್ಲಿ ಎಲ್ಲರ ಪ್ರಾಜೆಕ್ಟೂ ಒಟ್ಟಿಗೆ ಬರುತ್ತವೆ, ಆಗ ಜಾಗ ಸಿಗುವುದಿಲ್ಲ. ಹದಿನೈದು ನಿಮಿಷ ತಡವಾದರೆ ಸ್ಲಾಟ್ ಬಿಟ್ಟುಹೋಗುತ್ತದೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದು ಅಲ್ಲಿ ಹೋಗಿ ಕೇಳುವುದಕ್ಕಿಂತ, ಬರಲಾಗದಿದ್ದರೆ ಹಿಂದಿನ ದಿನವೇ ರದ್ದು ಮಾಡುವುದು ಒಳ್ಳೆಯದು. ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ. ಮೊದಲ ಪದರ ಕೂರುವವರೆಗೂ ಪ್ರಿಂಟರಿನ ಹತ್ತಿರವೇ ನಿಲ್ಲಬೇಕು. ಅದು ಎದ್ದುಬಂದರೆ ಮುಂದಿನದೆಲ್ಲ ಶ್ಯಾವಿಗೆಯ ಮುದ್ದೆ. ಪಕ್ಕದವರದ್ದು ಹಾಗೆ ಆಗುತ್ತಿದ್ದರೂ ನಾವು ನಿಲ್ಲಿಸಬಾರದು, ಉಸ್ತುವಾರಿಯವರನ್ನು ಕರೆಯಬೇಕು.

ಪಿಇಟಿಜಿಯ ದಿನ ನನ್ನಿಂದ ಒಂದು ತಪ್ಪಾಯಿತು. ಕೆಲಸ ಮುಗಿಸಿ ಪಿಇಟಿಜಿ ಹೊರಗೆಳೆದೆ, ಪಿಎಲ್‌ಎ ವಾಪಸ್ ಹಾಕಿದೆ, ಬಣ್ಣ ಬದಲಾಗುವವರೆಗೆ ಒಂದಿಷ್ಟು ಹೊರಬಿಟ್ಟೆ, ಹೊರಟೆ. ಆದರೆ ಅದನ್ನು ಪಿಎಲ್‌ಎಯ 215 ಡಿಗ್ರಿಯಲ್ಲಿ ಮಾಡಿದ್ದೆ. ನಾಜಲ್ ಒಳಗೆ ಉಳಿದ ಪಿಇಟಿಜಿ ಆ ಬಿಸಿಗೆ ಸರಿಯಾಗಿ ಹರಿಯಲಿಲ್ಲ. ನನ್ನ ನಂತರ ಬಂದ ಹುಡುಗಿಯ ಪ್ರಿಂಟ್ ಎಳೆ ತಪ್ಪಿ ತಪ್ಪಿ ಬಂದು, ಅವಳ ಒಂದು ಗಂಟೆ ಹೋಯಿತು. ನಾನು ಹೋಗಿ ಕ್ಷಮೆ ಕೇಳಿದೆ, ನನ್ನ ಮುಂದಿನ ಸ್ಲಾಟನ್ನು ಅವಳಿಗೆ ಬಿಟ್ಟುಕೊಟ್ಟೆ. ಸರಿಯಾದ ಕ್ರಮ ಹೀಗೆ: ನಾಜಲನ್ನು ಪಿಇಟಿಜಿಯ 240 ಡಿಗ್ರಿಯಲ್ಲೇ ಇಟ್ಟು ಪಿಎಲ್‌ಎ ನೂಕಬೇಕು. ಬಣ್ಣ ಪೂರ್ತಿ ಶುದ್ಧವಾದ ಮೇಲೆ ಬಿಸಿ ಇಳಿಸಬೇಕು. ನುಣುಪಾದ ಬೆಡ್ಡಿನ ಮೇಲೆ ಪಿಇಟಿಜಿ ಹಾಕುವುದೂ ತಪ್ಪು. ಅದು ಎಷ್ಟು ಗಟ್ಟಿ ಅಂಟುತ್ತದೆಂದರೆ ಬಿಡಿಸುವಾಗ ಬೆಡ್ಡಿನ ಲೇಪವೇ ಕಿತ್ತುಬರಬಹುದು. ಬೆಡ್ಡಿಗೆ ಹಾಕುವ ಒರಟು ಮೇಲ್ಮೈಯ ಹಾಳೆಯನ್ನು ಕೇಳಿ ಹಾಕಿಸಿಕೊಳ್ಳಬೇಕು.

ಊರಿಗೆ ಬರುತ್ತಿದ್ದ ಗೆಳತಿಯೊಬ್ಬಳು ಏಪ್ರಿಲ್ ಕೊನೆಯಲ್ಲಿ ಹೊಸ ತೋಳನ್ನು ತಂದು ಕೊಟ್ಟಳು. ಮೇ ಪೂರ್ತಿ ಅದು ನೆಟ್ಟಗೆ ನಿಂತಿತು. ಅಪ್ಪನಿಗೆ ಖುಷಿ. ಇನ್ನೂ ಇಪ್ಪತ್ತನಾಲ್ಕು ಬೇಕು ಎಂದರು. ಪಕ್ಕದ ಘಟಕದವರೂ ದುಡ್ಡು ಕೊಟ್ಟು ಕೊಳ್ಳುತ್ತಾರಂತೆ.

ಇಲ್ಲಿ ನಾನು ನಿಂತೆ. ಮೇಕರ್‌ಸ್ಪೇಸ್ ಇರುವುದು ಓದಿಗೆ ಮತ್ತು ಸ್ವಂತ ಪ್ರಯೋಗಕ್ಕೆ, ಮಾರಾಟಕ್ಕೆ ಅಲ್ಲ ಎಂದು ನಾನು ಸಹಿ ಹಾಕಿದ ಹಾಳೆಯಲ್ಲೇ ಇತ್ತು. ಮತ್ತೆ, ಓದಲು ಬಂದ ನನ್ನಂಥವರು ಜರ್ಮನಿಯಲ್ಲಿ ಸ್ವಂತ ವ್ಯಾಪಾರ ಮಾಡಬೇಕೆಂದರೆ ಬೇರೆ ಅನುಮತಿ ತೆಗೆದುಕೊಳ್ಳಬೇಕು. ಅಲ್ಲಿಯ ವಿದ್ಯಾರ್ಥಿಗೆ ಇದು ಮೇಕರ್‌ಸ್ಪೇಸಿನ ನಿಯಮ ಮಾತ್ರ, ನಮಗೆ ವೀಸಾದ ಪ್ರಶ್ನೆಯೂ ಹೌದು. ಉಸ್ತುವಾರಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ಮಾದರಿ ಮಾಡಿ ಕಲಿತದ್ದು ಸರಿ, ಇಪ್ಪತ್ತನಾಲ್ಕು ಬೇಡ ಎಂದರು. ಫೈಲ್ ನನ್ನದೇ, ಅದನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು ಎಂದೂ ಹೇಳಿದರು.

ಬಳ್ಳಾರಿಯಲ್ಲೇ ಪ್ರಿಂಟರ್ ಇಟ್ಟುಕೊಂಡ ಹುಡುಗನೊಬ್ಬನನ್ನು ಅಪ್ಪ ಹುಡುಕಿದರು. ಅವನಿಗೆ ಫೈಲ್ ಜೊತೆ ನಾಲ್ಕು ಸಾಲು ಬರೆದು ಕಳಿಸಿದೆ: ಪಿಇಟಿಜಿಯಲ್ಲೇ ಮಾಡು, ಮಲಗಿಸಿ ಮಾಡು, ಗೋಡೆ ಐದು ಸುತ್ತು ಇರಲಿ, ಮೊದಲು ಉಂಗುರ ಮಾತ್ರ. ಅವನ ಪ್ರಿಂಟರಿನಲ್ಲಿ 16.2 ತೂತು ಬಿಗಿಯಾಯಿತು. 16.4ಕ್ಕೆ ಕೂತಿತು. ಕಂಬಕ್ಕೆ ತೂರಿಸಿದ ಉಂಗುರದ ಫೋಟೊ ಅಪ್ಪ ಕಳಿಸಿದರು, ಕೆಳಗೆ "ಐದು ಸೂತ ಕರೆಕ್ಟ್ ಕುಂತೈತಿ" ಎಂದು ಬರೆದಿದ್ದರು.