‘ಕಡಗ’ ಅನ್ನೋ ಹೆಸರಿಗೆ ಬಂದು ನಿಂತದ್ದು ಹೇಗೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಮೊಬೈಲ್ ಸಾಮಾನಿನ ಹೋಲ್‌ಸೇಲ್ ವ್ಯಾಪಾರ ಮಾಡುವವರೊಬ್ಬರಿದ್ದಾರೆ. ಅವರ ಬಾಕ್ಸು, ಪೋಸ್ಟರ್ ಡಿಸೈನ್ ಎಲ್ಲ ನನ್ನದೇ. ಕಾಲೇಜು ಹುಡುಗರಿಗೆ ಅಂತಲೇ ಒಂದು ಸ್ಮಾರ್ಟ್‌ವಾಚ್ ತರಿಸಬೇಕು, ಎಂಆರ್‌ಪಿ 1,499 ದಾಟಬಾರದು, ಹೆಸರು ನೀವೇ ಹುಡುಕಿ ಅಂದರು. ವಾಚು ಫ್ಯಾಕ್ಟರಿಯಲ್ಲಿ ಮೊದಲೇ ತಯಾರಾಗಿರುವಂಥದ್ದು, ಅದರ ಮೇಲೆ ಬರುವ ಹೆಸರು ಮಾತ್ರ ನಮ್ಮದು. ಬ್ಲೂಟೂತ್ ಕಾಲಿಂಗ್, ಹಾರ್ಟ್ ರೇಟ್, ಹೆಜ್ಜೆ ಲೆಕ್ಕ, ಮೆಸೇಜ್ ತೋರಿಸೋದು ಎಲ್ಲ ಇದೆ. ಇದೇ ಬೆಲೆಗೆ ಅಕ್ಕಪಕ್ಕದಲ್ಲಿ ನಾಯ್ಸ್, ಬೋಟ್ ವಾಚುಗಳೂ ಸಿಗುತ್ತವೆ. ಅವುಗಳ ಮಧ್ಯೆ ನಮ್ಮದು ನೆನಪಿನಲ್ಲಿ ಉಳಿಯಬೇಕು ಅಂದರೆ ಹೆಸರು ಗಟ್ಟಿಯಾಗಿರಲೇಬೇಕು.

ಈ ವಾಚು ಮಾರಾಟ ಆಗೋ ದಾರಿ ಯಾವುದು ಅಂತ ಮೊದಲು ಯೋಚಿಸಿದೆ. ನಮ್ಮ ಹತ್ತಿರ ಟಿವಿ ಜಾಹೀರಾತಿಗೆ ದುಡ್ಡಿಲ್ಲ. ಒಬ್ಬ ಹುಡುಗ ಕಟ್ಟಿಕೊಂಡಿರ್ತಾನೆ, ಪಕ್ಕದವನು ‘ಯಾವ್ದೋ ಇದು’ ಅಂತ ಕೇಳ್ತಾನೆ, ಇವನು ಹೆಸರು ಹೇಳ್ತಾನೆ. ಪಕ್ಕದವನು ಸಂಜೆ ಅಂಗಡಿಗೆ ಹೋಗಿ ‘ಅಣ್ಣಾ, ಆ ವಾಚ್ ತೋರ್ಸಿ’ ಅಂತಾನೆ, ಇಲ್ಲಾ ಫೋನಿನಲ್ಲಿ ಟೈಪ್ ಮಾಡಿ ಹುಡುಕ್ತಾನೆ. ಅಂದರೆ ಹೆಸರು ಬಾಯಿಂದ ಕಿವಿಗೆ ಬಂದು, ಅಲ್ಲಿಂದ ಹೆಬ್ಬೆರಳಿಗೆ ಇಳಿಯುತ್ತೆ. ಈ ದಾರಿಯಲ್ಲಿ ಎಲ್ಲೂ ಕೆಡದ ಹೆಸರು ಬೇಕಿತ್ತು.

ಯಜಮಾನರ ಮನಸ್ಸಿನಲ್ಲಿ ‘ಕ್ಯಾಂಪಸ್’ ಇತ್ತು. ಆ ಹೆಸರಿನ ಶೂ ಕಂಪನಿಯನ್ನು ಎಲ್ಲರೂ ಬಲ್ಲರು. ಅದೂ ಅಲ್ಲದೆ, ವಸ್ತು ಯಾರಿಗೆ, ಎಂಥದ್ದು ಅಂತ ನೇರವಾಗಿ ಹೇಳಿಬಿಡುವ ಹೆಸರಿಗೆ ಟ್ರೇಡ್‌ಮಾರ್ಕ್ ಸಿಗೋದು ಕಷ್ಟ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅದಕ್ಕೇ ಇರೋದು. ‘ಸ್ಟೂಡೆಂಟ್ ವಾಚ್’ ಅಂತ ಇಟ್ಟರೆ ನಾಳೆ ಪಕ್ಕದ ಅಂಗಡಿಯವನೂ ಅದನ್ನೇ ಇಡಬಹುದು. ಅದನ್ನು ಅವರಿಗೆ ಬಿಡಿಸಿ ಹೇಳಿದ ಮೇಲೆ ಕನ್ನಡದ ಕಡೆ ತಿರುಗಿದೆವು.

ಕೊನೆಗೆ ಉಳಿದದ್ದು ಚುರುಕು, ಮಿಡಿ, ಜಿಗಿ, ಕಡಗ. ಇವನ್ನು ಪರೀಕ್ಷೆ ಮಾಡಿದ ರೀತಿ ಬಹಳ ಸರಳ. ಪರಿಚಯದ ವಿದ್ಯಾರ್ಥಿಗಳಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ‘ಈಗ ಇದನ್ನು ಹುಡುಕೋದಾದ್ರೆ ಹೆಂಗೆ ಟೈಪ್ ಮಾಡ್ತೀಯೋ ಹಂಗೇ ವಾಟ್ಸಾಪ್ ಮಾಡು’ ಅಂದೆ. ಸ್ಪೆಲಿಂಗ್ ಹೇಳಿಕೊಡಲಿಲ್ಲ. ಕೆಲವರನ್ನು ಬೇಕಂತಲೇ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿದ್ದಾಗ ಹಿಡಿದೆ. ‘ಚುರುಕು’ ಅಲ್ಲೇ ಬಿದ್ದುಹೋಯಿತು. ಉತ್ತರ ಬಂದದ್ದು ಹೀಗೆ:

```
Churuku
Churku
Chruku
Churuk
```

ಕೇಳೋಕೆ ಎಷ್ಟು ಚೆಂದದ ಹೆಸರು! ಆದರೆ ನಾಲ್ಕು ಥರ ಬರೆಯೋ ಹೆಸರನ್ನು ಹುಡುಕುವವರಲ್ಲಿ ಅರ್ಧ ಜನ ಬೇರೆಲ್ಲಿಗೋ ಹೋಗಿ ಸೇರ್ತಾರೆ. ‘ಮಿಡಿ’ಯನ್ನು ಎಲ್ಲರೂ ಸರಿಯಾಗೇ ಬರೆದರು. ಅದರ ತೊಂದರೆ ಬೇರೆ. `Midi` ಅಂತ ಹುಡುಕಿದರೆ ಕೀಬೋರ್ಡು, ಸಂಗೀತದ ಸಾಫ್ಟ್‌ವೇರು, ಹುಡುಗಿಯರ ಡ್ರೆಸ್ಸು ಎಲ್ಲ ಬಂದು, ನಮ್ಮ ವಾಚು ಅಡಿಗೆ ಹೋಗುತ್ತೆ. ಎದೆ ಮಿಡಿತದ ನೆನಪು ತರೋ ಹೆಸರಾದ್ದರಿಂದ ಜನ ಹಾರ್ಟ್ ರೇಟನ್ನು ಜಾಸ್ತಿ ನಂಬೋ ಅಪಾಯವೂ ಇತ್ತು. ಈ ಬೆಲೆಯ ಸೆನ್ಸರ್ ವೈದ್ಯಕೀಯ ಸಾಧನವೇ ಅಲ್ಲ. ಹೆಸರಿನಲ್ಲಿ ಅಂಥ ಆಸೆ ಹುಟ್ಟಿಸಬಾರದು.

‘ಕಡಗ’ಕ್ಕೆ ಹೆಚ್ಚಿನವರು `Kadaga` ಅಂತಲೇ ಬರೆದರು. ಒಬ್ಬಿಬ್ಬರು `Kadga` ಅಂದರು. ನಮ್ಮ ಕಡೆ ಮಾತಿನಲ್ಲಿ ಮಧ್ಯದ ಅಕ್ಷರ ತೇಲಿಹೋಗುತ್ತಲ್ವಾ, ಅಷ್ಟೇ. ಕೈಗೆ ಸ್ಟೀಲಿನ ಕಡಗ ಹಾಕಿಕೊಳ್ಳೋದು ಕಾಲೇಜು ಹುಡುಗರಿಗೆ ಹೊಸದೇನಲ್ಲ, ಹುಡುಗಿಯರೂ ಹಾಕ್ತಾರೆ. ಹಿಂದಿಯವರಿಗೂ ‘ಕಡಾ’ ಗೊತ್ತಿರುವುದರಿಂದ ಮುಂದೆ ರಾಜ್ಯದ ಹೊರಗೆ ಹೋದರೂ ಹೆಸರು ಅಪರಿಚಿತ ಅನ್ನಿಸೋದಿಲ್ಲ.

ಆಮೇಲೆ ಟ್ರೇಡ್‌ಮಾರ್ಕ್ ಹುಡುಕಾಟ. ಸರ್ಕಾರದ ಐಪಿ ಇಂಡಿಯಾ ಸೈಟಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಹೆಚ್ಚಿನವರು ಸುಮ್ನೆ ಹೆಸರು ಟೈಪ್ ಮಾಡಿ, ಏನೂ ಬರಲಿಲ್ಲ ಅಂತ ಖುಷಿಪಡ್ತಾರೆ. ಅಲ್ಲಿ `Phonetic` ಅಂತ ಇನ್ನೊಂದು ಆಯ್ಕೆ ಇದೆ, ಅದನ್ನು ನೋಡಲೇಬೇಕು. ಬರೆಯೋ ರೀತಿ ಬೇರೆ ಇದ್ದರೂ ಉಚ್ಚಾರ ಹತ್ತಿರ ಇದ್ದರೆ ಆಕ್ಷೇಪಣೆ ಬರುತ್ತೆ. ‘ಜಿಗಿ’ ಹೋದದ್ದು ಇಲ್ಲೇ. ಉಚ್ಚಾರದಲ್ಲಿ ತೀರಾ ಹತ್ತಿರದ ಹೆಸರೊಂದು ನಮಗೆ ಬೇಕಾದ ವಿಭಾಗದಲ್ಲೇ ರಿಜಿಸ್ಟರ್ ಆಗಿ ಕೂತಿತ್ತು.

ವಿಭಾಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಾಮೂಲಿ ಕೈಗಡಿಯಾರ ಬರೋದು ಕ್ಲಾಸ್ 14ರಲ್ಲಿ, ಒಡವೆಗಳ ಜೊತೆ. ಸ್ಮಾರ್ಟ್‌ವಾಚ್ ಬರೋದು ಕ್ಲಾಸ್ 9ರಲ್ಲಿ, ಎಲೆಕ್ಟ್ರಾನಿಕ್ ಸಾಮಾನಿನ ಜೊತೆ. ನಮ್ಮ ಹೆಸರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಒಡವೆಗೆ ‘ಕಡಗ’ ಅಂತ ಹೆಸರಿಡೋದು ಅಂದರೆ ಉಪ್ಪಿಗೆ ‘ಉಪ್ಪು’ ಅಂತ ಹೆಸರಿಟ್ಟ ಹಾಗೆ, ಅಲ್ಲಿ ಅದು ಯಾರ ಸ್ವತ್ತೂ ಆಗೋದಿಲ್ಲ. ಸ್ಮಾರ್ಟ್‌ವಾಚಿಗೆ ಅದು ಬರೀ ಸೂಚನೆ. ಹಾಗಾಗಿ ಕ್ಲಾಸ್ 9ರಲ್ಲಿ ಮಾತ್ರ ಅರ್ಜಿ ಹಾಕಿಸಿದೆ. ಸಣ್ಣ ಉದ್ದಿಮೆ ಅಂತ ತೋರಿಸಿದರೆ ಆನ್‌ಲೈನ್ ಶುಲ್ಕ ಒಂದು ಕ್ಲಾಸಿಗೆ 4,500 ರೂಪಾಯಿ, ಇಲ್ಲದಿದ್ದರೆ 9,000. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ™ ಹಾಕಬಹುದು. ® ಹಾಕೋದು ರಿಜಿಸ್ಟರ್ ಆದ ಮೇಲೆ ಮಾತ್ರ, ಮೊದಲೇ ಹಾಕಿದರೆ ದಂಡ ಬೀಳುತ್ತೆ.

ಡಿಸೈನ್ ಮಾಡುವವರು ಸಾಮಾನ್ಯವಾಗಿ ನೋಡದ ಇನ್ನೊಂದು ಜಾಗ ಫೋನಿನ ಬ್ಲೂಟೂತ್ ಪಟ್ಟಿ. ಬಾಕ್ಸ್ ಮೇಲೆ ಏನೇ ಬರೆದಿರಲಿ, ಪೇರ್ ಮಾಡುವಾಗ ಫ್ಯಾಕ್ಟರಿಯ ಮಾಡೆಲ್ ನಂಬರ್ ಕಂಡರೆ ಹುಡುಗರಿಗೆ ಡೂಪ್ಲಿಕೇಟ್ ಅನ್ನೋ ಅನುಮಾನ ಬರುತ್ತೆ. ಅಲ್ಲೂ ನಮ್ಮ ಹೆಸರೇ ಬರಬೇಕು ಅಂತ ಆರ್ಡರ್ ಕೊಡೋ ಮೊದಲೇ ಬರೆಸಿಕೊಂಡೆವು. ಹಾಸ್ಟೆಲಿನ ಒಂದೇ ರೂಮಿನಲ್ಲಿ ಮೂರು ವಾಚಿದ್ದರೆ ಯಾವುದು ಯಾರದ್ದು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಹೆಸರಿನ ಕೊನೆಗೆ ವಾಚಿನ ಬ್ಲೂಟೂತ್ ವಿಳಾಸದ ಕೊನೆಯ ನಾಲ್ಕು ಅಕ್ಷರ ಸೇರಿಸಿದೆವು: `KADAGA_4F2A`. ಇಲ್ಲಿ ಚಿಕ್ಕ ಹೆಸರು ಉಪಯೋಗಕ್ಕೆ ಬಂತು, ಉದ್ದದ ಹೆಸರಾದರೆ ಪಟ್ಟಿಯಲ್ಲಿ ತುಂಡಾಗಿ ಕಾಣೋ ಸಾಧ್ಯತೆ ಇರುತ್ತೆ. ಪೇರ್ ಮಾಡೋ ಆಪ್ ಕೆಲವು ಸಲ ಹೆಸರು ನೋಡಿಯೇ ವಾಚನ್ನು ಗುರುತು ಹಿಡಿಯುತ್ತೆ. ಹಾಗಾಗಿ ಹೆಸರು ಬದಲಾದ ಸ್ಯಾಂಪಲ್ ತರಿಸಿ, ಪೇರ್ ಆಗುತ್ತಾ ಅಂತ ನೋಡಿಯೇ ಒಪ್ಪಿಗೆ ಕೊಡಬೇಕು.

ಟ್ಯಾಗ್‌ಲೈನಿಗೆ ಯಜಮಾನರ ಆಸೆ ಬ್ಯಾಟರಿ ಮೇಲಿತ್ತು. ‘ಏಳು ದಿನ ಚಾರ್ಜೇ ಬೇಡ ಅಂತ ಹಾಕಿ ಸರ್, ಫ್ಯಾಕ್ಟರಿಯವರೇ ಹೇಳಿದ್ದಾರೆ’ ಅಂದರು. ಆ ಲೆಕ್ಕ ಕಾಲಿಂಗ್ ಆಫ್ ಇದ್ದಾಗಿನದ್ದು. ಕಾಲಿಂಗ್ ಆನ್ ಮಾಡಿ ದಿನಾ ಬಳಸಿದರೆ ಅದರ ಅರ್ಧವೂ ಬರಲಿಲ್ಲ. ಮೂಲೆಯಲ್ಲಿ ಸ್ಟಾರ್ ಹಾಕಿ ‘ಷರತ್ತು ಅನ್ವಯ’ ಅನ್ನೋ ದಾರಿಯೂ ಮುಚ್ಚಿದೆ. ಜಾಹೀರಾತಿನ ಮುಖ್ಯ ಮಾತಿಗೆ ವಿರುದ್ಧವಾದ ಷರತ್ತನ್ನು ಸಣ್ಣಕ್ಷರದಲ್ಲಿ ಹಾಕುವ ಹಾಗಿಲ್ಲ ಅಂತ ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತೆ. ಪರೀಕ್ಷೆಯ ಹೆಸರೆತ್ತುವ ಸಾಲುಗಳನ್ನೂ ಕೈಬಿಟ್ಟೆ. ಎಕ್ಸಾಂ ಹಾಲಿನೊಳಗೆ ಸ್ಮಾರ್ಟ್‌ವಾಚ್ ಬಿಡೋದೇ ಇಲ್ಲವಲ್ಲ.

ಹೊಳೆದದ್ದು ಅರಕಲಗೂಡಿನ ಬಸ್ಸಿನಲ್ಲಿ. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಕಾಲಿಡೋಕೆ ಜಾಗ ಇರೋದಿಲ್ಲ. ನಿಂತವರು ಬ್ಯಾಗನ್ನು ಸೀಟಿನಲ್ಲಿ ಕೂತ ಯಾರದೋ ತೊಡೆ ಮೇಲೆ ಇಟ್ಟಿರ್ತಾರೆ. ಒಂದು ಕೈ ಕಂಬಿ ಮೇಲೆ. ಫೋನ್ ಬ್ಯಾಗಿನೊಳಗೆ. ಯಾರದ್ದೋ ರಿಂಗ್ ಆದರೆ ಎಲ್ಲರೂ ತಮ್ಮದಾ ಅಂತ ಬ್ಯಾಗಿನ ಕಡೆ ನೋಡ್ತಾರೆ. ಆ ದೂರದಲ್ಲಿ ಬ್ಲೂಟೂತ್ ಆರಾಮಾಗಿ ಸಿಗುತ್ತೆ. ಮೊದಲು ‘ಕೈಯಲ್ಲೇ ಮಾತಾಡು’ ಅಂತ ಬರೆದು ನೋಡಿದೆ. ಆದರೆ ಬಸ್ಸಿನ ಸದ್ದಿನಲ್ಲಿ ಈ ಸ್ಪೀಕರ್ ಕೇಳೋದಿಲ್ಲ. ಕಾಲ್ ಯಾರದ್ದು ಅಂತ ನೋಡೋಕೆ, ಮೆಸೇಜ್ ಓದೋಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಸಾಲನ್ನು ‘ಫೋನ್ ಬ್ಯಾಗಲ್ಲೇ ಇರಲಿ’ ಅಂತ ಮಾಡಿದೆ. ವಿದ್ಯಾರ್ಥಿಗಳಿಗೆ ತೋರಿಸಿದಾಗ ‘ಅಂದ್ರೆ ಏನು’ ಅಂತ ಯಾರೂ ಕೇಳಲಿಲ್ಲ. ಯಜಮಾನರೂ ಒಪ್ಪಿದರು.

ಬಾಕ್ಸಿನ ಮುಂಭಾಗದಲ್ಲಿ ಈಗ ಕನ್ನಡದಲ್ಲಿ ‘ಕಡಗ’, ಅದರ ಕೆಳಗೆ ಇಂಗ್ಲಿಷ್ ಸ್ಪೆಲಿಂಗ್, ಆಮೇಲೆ ಟ್ಯಾಗ್‌ಲೈನ್ ಇದೆ. ಬ್ಯಾಟರಿ ಎಷ್ಟು ದಿನ ಅನ್ನೋದನ್ನು ಹಿಂಭಾಗದಲ್ಲಿ ಕಾಲಿಂಗ್ ಆನ್, ಕಾಲಿಂಗ್ ಆಫ್ ಅಂತ ಎರಡು ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಹಾಕಿದ್ದೇವೆ. ಪರಿಶೀಲನೆ ಮುಗಿದು ಹೆಸರು ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟ ಆದ ಮೇಲೂ ಯಾರಾದರೂ ವಿರೋಧಿಸಲು ನಾಲ್ಕು ತಿಂಗಳ ಅವಕಾಶ ಇರುತ್ತೆ. ಅದಕ್ಕೇ ಮೊದಲ ಲಾಟಿನ ಬಾಕ್ಸುಗಳನ್ನು ಸ್ವಲ್ಪವೇ ಪ್ರಿಂಟ್ ಹಾಕಿಸಿದ್ದೇವೆ.