ಗುದ್ದಿ ಓಡಿದ ಗಾಡಿ: ಪೊಲೀಸರಿಗೆ ಹೇಳಿಕೆ ಕೊಡುವುದು ಹೇಗೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಗಲಕೋಟೆಯ ಹತ್ತಿರ ಗದ್ದನಕೇರಿ ಕ್ರಾಸ್. ಸಂಜೆ ಏಳು ದಾಟಿದೆ. ನೀವು ಚಹಾ ಅಂಗಡಿ ಮುಂದೆ ನಿಂತಿದ್ದೀರಿ. ಬಾಗಲಕೋಟೆ ಕಡೆಯಿಂದ ಬಂದ ಪಿಕಪ್ ಗಾಡಿಯೊಂದು ಬೈಕ್ ಸವಾರನಿಗೆ ಗುದ್ದಿ, ನಿಲ್ಲಿಸದೆ ಹೋಯಿತು. ಗಾಯಾಳುವಿಗೆ 108, ಪೊಲೀಸರಿಗೆ 112. ಈ ಕರೆ ಮಾಡಿದ ಹೊತ್ತು ಫೋನಿನಲ್ಲಿ ಉಳಿಯುತ್ತದೆ, ಅಳಿಸಬೇಡಿ. ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಯಾವ ಹೊತ್ತಿನ ದೃಶ್ಯ ನೋಡಬೇಕು ಅಂತ ಪೊಲೀಸರಿಗೆ ಗೊತ್ತಾಗುವುದು ಇದರಿಂದಲೇ.

ಮೊದಲು ಬರೆದುಕೊಳ್ಳಿ, ಆಮೇಲೆ ಮಾತಾಡಿ

ಐದು ನಿಮಿಷದಲ್ಲಿ ಜನ ಸೇರುತ್ತಾರೆ. ಒಬ್ಬರು "ಕೆಂಪು ಗಾಡಿ" ಅಂತಾರೆ, ಇನ್ನೊಬ್ಬರು "ಇಲ್ಲ, ಟೆಂಪೋ" ಅಂತಾರೆ. ಅದನ್ನೆಲ್ಲ ಕೇಳಿದ ಮೇಲೆ ನೀವು ಕಂಡಿದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಮಾಡುವುದು ಕಷ್ಟ. ಹಾಗಾಗಿ ಫೋನಿನಲ್ಲೇ ನಾಲ್ಕು ಸಾಲು ಬರೆದಿಡಿ. ಎಲ್ಲಿ ನಿಂತಿದ್ದಿರಿ, ಗಾಡಿ ಎಷ್ಟು ದೂರದಲ್ಲಿತ್ತು, ಬೆಳಕು ಹೇಗಿತ್ತು ಅನ್ನುವುದೂ ಅದರಲ್ಲಿರಲಿ.

ಇನ್ನೊಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಗುದ್ದಿದ್ದನ್ನು ಕಣ್ಣಾರೆ ಕಂಡಿರೋ, ಸಪ್ಪಳ ಕೇಳಿ ತಿರುಗಿ ನೋಡಿದಿರೋ? ಬಹಳ ಜನ ಎರಡನೇ ಗುಂಪಿನವರು. ಅದನ್ನು ಹಾಗೇ ಹೇಳಿದರೆ ಹೇಳಿಕೆಯ ಬೆಲೆಯೇನೂ ಕಡಿಮೆಯಾಗುವುದಿಲ್ಲ. "ನೋಡಿದೆ" ಅಂದುಬಿಟ್ಟರೆ ಮಾತ್ರ ಮುಂದೆ ಕೋರ್ಟಿನ ಪಾಟೀಸವಾಲಿನಲ್ಲಿ ವಕೀಲರು ಅಲ್ಲೇ ಹಿಡಿಯುತ್ತಾರೆ.

ಗಾಡಿ ಮತ್ತು ದಾರಿ

ಬಣ್ಣದ ವಿಷಯದಲ್ಲಿ ಹುಷಾರು. ಹಳದಿ ಬೀದಿದೀಪದ ಕೆಳಗೆ ಬಿಳಿ, ಕೆನೆ, ಬೆಳ್ಳಿ ಬಣ್ಣ ಒಂದೇ ಥರ ಕಾಣುತ್ತವೆ. "ತಿಳಿ ಬಣ್ಣ, ಬಹುಶಃ ಬಿಳಿ" ಅಂದರೆ ಸಾಕು. ಅದಕ್ಕಿಂತ ಕೆಲಸಕ್ಕೆ ಬರುವುದು ಗುರುತು: ಹಿಂದೆ ನೀಲಿ ತಾಡಪತ್ರಿ ಕಟ್ಟಿತ್ತು, ಎಡಗಡೆ ಹಿಂದಿನ ದೀಪ ಉರಿಯುತ್ತಿರಲಿಲ್ಲ, ನಂಬರ್ ಪ್ಲೇಟ್ ಹಳದಿ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಅಂದರೆ ಬಾಡಿಗೆ ಇಲ್ಲವೇ ಸರಕಿನ ಗಾಡಿ. ರಸ್ತೆಯಲ್ಲಿ ಬಿದ್ದ ದೀಪದ ಗಾಜಿನ ಚೂರು ಮುಟ್ಟಬೇಡಿ. ಅದು ಪಂಚನಾಮೆಗೆ ಬೇಕು.

ದಿಕ್ಕು ಹೇಳುವಾಗ ಬರೀ ಎಡ, ಬಲ ಅನ್ನಬೇಡಿ. ಯಾರ ಎಡ? ಊರಿನ ಹೆಸರು ಹೇಳಿ: "ಬಾಗಲಕೋಟೆ ಕಡೆಯಿಂದ ಬಂತು, ಕ್ರಾಸಿನಲ್ಲಿ ಕೆರೂರ ಕಡೆ ತಿರುಗಿತು." ಅಲ್ಲಿಗೆ ನಿಲ್ಲಿಸಿ. ಹುಬ್ಬಳ್ಳಿಗೆ ಹೋಯಿತು ಅನ್ನುವುದು ನಿಮ್ಮ ಊಹೆ. ವೇಗವೂ ಅಷ್ಟೇ. ಗಂಟೆಗೆ ಎಂಬತ್ತು ಕಿಲೋಮೀಟರ್ ಅಂತ ಅಳೆದವರು ಯಾರು? "ಬೇರೆ ಗಾಡಿಗಳಿಗಿಂತ ಜೋರಾಗಿತ್ತು" ಅನ್ನಿ.

ಅರ್ಧ ನಂಬರಿನ ಲೆಕ್ಕ

ಇಲ್ಲೇ ಜಾಸ್ತಿ ಜನ ಎಡವುವುದು. ನೀವು ಕಂಡಿದ್ದು ಕೆಎ 29, ಅಂದರೆ ಬಾಗಲಕೋಟೆ ನೋಂದಣಿ. ನಡುವಿನ ಅಕ್ಷರ ಓದಲಾಗಲಿಲ್ಲ. ಕೊನೆಗೆ 47 ಖಾತ್ರಿ. ಅದರ ಹಿಂದಿನದು 3 ಅಥವಾ 8. ಮೊದಲ ಅಂಕಿ ಕಾಣಲೇ ಇಲ್ಲ.

ಪೊಲೀಸರು "ನಂಬರ್ ಪೂರಾ ಹೇಳ್ರಿ" ಅಂದಾಗ ಉತ್ತರ ಹೀಗಿರಲಿ: "ಸರ್, ಕಡೀಕ ನಾಲ್ಕು ಏಳು ಖಾತ್ರಿ ಐತ್ರಿ. ಅದರ ಹಿಂದಿಂದು ಮೂರೋ ಎಂಟೋ ಹೇಳಾಕ ಆಗೂದಿಲ್ರಿ."

ಲೆಕ್ಕ ಹಾಕಿ ನೋಡಿ. ಮೊದಲ ಅಂಕಿಗೆ ಹತ್ತು ಸಾಧ್ಯತೆ, ಎರಡನೆಯದಕ್ಕೆ ಎರಡು. ಒಂದೊಂದು ಅಕ್ಷರದ ಸರಣಿಯಲ್ಲಿ ಇಪ್ಪತ್ತು ನಂಬರ್. ಸರಣಿಗಳು ಹಲವು ಇರಬಹುದು, ಆದರೆ ಅವುಗಳಲ್ಲಿ ಪಿಕಪ್ ಎಷ್ಟು, ತಿಳಿ ಬಣ್ಣದ್ದು ಎಷ್ಟು ಅಂತ ಆರ್‌ಟಿಒ ದಾಖಲೆಯಲ್ಲಿ ಸೋಸಿದರೆ ಪಟ್ಟಿ ಚಿಕ್ಕದಾಗುತ್ತದೆ. ಅದೇ ನೀವು ಧೈರ್ಯ ಮಾಡಿ "ಮೂರೇ ಸರ್" ಅಂದಿರಿ, ನಿಜಕ್ಕೂ ಇದ್ದದ್ದು ಎಂಟು ಅಂದುಕೊಳ್ಳಿ. ಬೇಕಾದ ಗಾಡಿಯೇ ಪಟ್ಟಿಯಿಂದ ಹೊರಗೆ! ಅನುಮಾನ ಹೇಳಿದರೆ ಹುಡುಕುವ ಕೆಲಸ ಎರಡರಷ್ಟಾಗುತ್ತದೆ, ತಪ್ಪು ಖಾತ್ರಿ ಕೊಟ್ಟರೆ ಹುಡುಕಾಟವೇ ದಾರಿ ತಪ್ಪುತ್ತದೆ.

ಸಹಿ ಹಾಕಬೇಕೆ?

ಫಿರ್ಯಾದಿ ನೀವೇ ಆದರೆ ಹಾಕಬೇಕು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಬರೀ ಸಾಕ್ಷಿಯಾಗಿ ಹೇಳಿಕೆ ಕೊಟ್ಟಿದ್ದರೆ ಸಹಿ ಬೇಡ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿ ಹೇಳಿಕೆಗೆ ಸಹಿ ಪಡೆಯಬಾರದು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಕಾನೂನಿನ 181ನೇ ಕಲಮು ಹೇಳುತ್ತದೆ. ಮಹಿಳೆಯರನ್ನು, 60 ದಾಟಿದವರನ್ನು ಹೇಳಿಕೆಗಾಗಿ ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ, ಮನೆಯಲ್ಲೇ ಕೇಳಬೇಕು.

ಬರೆದದ್ದನ್ನು ಓದಿ ಹೇಳಲು ಕೇಳಿ. ನೀವು "ಬಹುಶಃ ಬಿಳಿ" ಅಂದದ್ದು ಅಲ್ಲಿ "ಬಿಳಿ ಬಣ್ಣದ" ಅಂತ ಆಗಿರುತ್ತದೆ. ಬರೆಯುವವರ ಕೆಟ್ಟತನವಲ್ಲ, ರೂಢಿ. "ಬಹುಶಃ ಸೇರಿಸ್ರಿ ಸರ್" ಅಂತ ಅಲ್ಲೇ ತಿದ್ದಿಸಿ.

ಮರುದಿನ ಏನಾದರೂ ನೆನಪಾದರೆ ಮತ್ತೆ ಹೋಗಿ ಪುರವಣಿ ಹೇಳಿಕೆ ಕೊಡಬಹುದು. ಆದರೆ ಅದು ತಾನಾಗಿ ನೆನಪಾದದ್ದೋ, ವಾಟ್ಸಾಪ್‌ನಲ್ಲಿ ಓಡಾಡಿದ ಫೋಟೊ ನೋಡಿದ ಮೇಲೆ ಹೊಳೆದದ್ದೋ ಅಂತ ಬಾಯಿ ಬಿಟ್ಟು ಹೇಳಿ. ಮುಂದೆ ಹಿಡಿದು ತಂದ ಗಾಡಿ ತೋರಿಸಿದಾಗಲೂ ಹಾಗೇ. "ಇದೇ" ಅನ್ನಲು ಆ ಆರಿದ ದೀಪದಂಥ ಗುರುತು ಸಿಗಬೇಕು. ಇಲ್ಲದಿದ್ದರೆ "ಇಂಥದ್ದೇ ಗಾಡಿ, ಇದೇನಾ ಅಂತ ಹೇಳಲಾರೆ" ಅಂತಲೇ ಬರೆಸಿ.